ಹೊರಗಿಡಪ್ಪ

ಆ ಬಡಾವಣೆಯಲ್ಲಿ ಅವನ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ನಲ್ಲಿ ಸೋರಿದರೆ, ಟ್ಯಾಂಕು ತುಂಬಿ ಹರಿದರೆ, ಪೈಪು ಕಟ್ಟಿಕೊಂಡರೆ ಜನ ಹೇಳುವುದು ಒಂದೇ ಮಾತು: "ಹೊರಗಿಡಪ್ಪನ್ನ ಕರೀರಿ." ಹೆಸರಿಟ್ಟವನು ಮೂಲೆಯ ಪೈಪಿನ ಅಂಗಡಿಯವನು. "ಗ್ಯಾಸ್ ಗೀಸರ್ ಎಲ್ಲಿ ಹಾಕಿಸ್ಲಿ ಅಂತ ಇವನನ್ನ ಕೇಳಿ ನೋಡಿ. ಹಲ್ಲು ಕೀಳೋವಾಗ ಕೇಳಿದ್ರೂ ಹೊರಗಿಡಪ್ಪಾ ಅಂತಾನೆ," ಎಂದು ಗಿರಾಕಿಗಳ ಮುಂದೆ ನಕ್ಕಿದ್ದ. ಹೆಸರು ಊರಿಗೆಲ್ಲ ಹಬ್ಬಿತು. ಪ್ಲಂಬರನೂ ಬೇಸರ ಮಾಡಿಕೊಳ್ಳಲಿಲ್ಲ.

ಆದರೆ ಅವನು ಮೊದಲಿನಿಂದಲೂ ಹೊರಗಿಡಪ್ಪನಾಗಿರಲಿಲ್ಲ. ಎಂಟು ವರ್ಷ ಗ್ಯಾಸ್ ಗೀಸರುಗಳನ್ನು ಬಚ್ಚಲುಮನೆಯ ಒಳಗೇ ನೇತುಹಾಕಿದವನು ಅವನು.

ಕುಳ್ಳನೆಯ ಆಳು, ಅಗಲ ಅಂಗೈ, ಕೈಯಲ್ಲಿ ಸದಾ ಒಂದು ಪಾನಾ. ಕೆಲಸದಲ್ಲಿ ಬಲು ಚುರುಕು. ಗೋಡೆಗೆ ಎರಡು ತೂತು, ಎರಡು ಮೊಳೆ, ನೀರಿಗೆ ಎರಡು ಪೈಪು, ಗ್ಯಾಸಿಗೆ ಒಂದು ಪೈಪು. ಮುಕ್ಕಾಲು ಗಂಟೆಯಲ್ಲಿ ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಕಿಡಿ ಹಾರಿ, ಭಗ್ಗೆಂದು ಬೆಂಕಿ ಹೊತ್ತಿ ಬಿಸಿನೀರು ಬರುತ್ತಿತ್ತು. ಒಳಗೆ ಹಾಕಿದರೆ ಪೈಪು ಕಡಿಮೆ, ಶ್ರಮ ಕಡಿಮೆ, ನೀರೂ ಬೇಗ ಬಿಸಿ. ಗಿರಾಕಿಗಳು ಕೇಳುತ್ತಿದ್ದುದೂ ಅದನ್ನೇ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ಓದು ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ. ಗೋಡೆ ಕೊರೆಯುವಾಗ ಉದುರುವ ಧೂಳು ನೆಲಕ್ಕೆ ಬೀಳದಿರಲೆಂದು ಆ ಪುಸ್ತಕವನ್ನು ಬಿಡಿಸಿ ಕೆಳಗೆ ಹಿಡಿಯುತ್ತಿದ್ದ. ಅದರಿಂದ ಅವನಿಗಾದ ಉಪಯೋಗ ಅಷ್ಟೇ.

ಅವನನ್ನು ಸಾಕಿದ್ದು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಏಳು, ಅವಳಿಗೆ ಹದಿನೈದು. ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತವಳು ಐವತ್ತು ದಾಟಿದರೂ ಎದ್ದಿರಲಿಲ್ಲ. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಓದಿಸಿದಳು. ಮಗಳಿಗೆ ಈಗ ಮುದ್ರಣಾಲಯವೊಂದರಲ್ಲಿ ಕೆಲಸ. ಚಳಿಗಾಲದಲ್ಲಿ ಅಕ್ಕನ ಬೆರಳ ಗೆಣ್ಣುಗಳು ಬಿಗಿದುಕೊಂಡು ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗುತ್ತಿತ್ತು. ತಮ್ಮ ಅದನ್ನು ನೋಡಲಾರದೆ ಒಂದು ದಿನ ಗೀಸರ್ ಹೊತ್ತುಕೊಂಡು ಬಂದ.

"ಯಾಕೋ ಇದೆಲ್ಲ? ಒಲೆ ಮೇಲೆ ಕಾಯಿಸ್ಕೋತಿರ್ಲಿಲ್ವಾ?"

"ಸುಮ್ನಿರಕ್ಕ. ನಲ್ಲಿ ತಿರುಗಿಸು, ಬಿಸಿನೀರು ಬರುತ್ತೆ. ರಾಣಿ ಥರ ಸ್ನಾನ ಮಾಡು."

ಅವಳ ಬಚ್ಚಲುಮನೆ ನಾಲ್ಕಡಿ ಅಗಲ, ಆರಡಿ ಉದ್ದ. ಮೇಲೆ ಒಂದು ಕಿಂಡಿ, ಅದಕ್ಕೆ ಗಾಜಿನ ಪಟ್ಟಿಗಳು. ಬಾಗಿಲ ಪಕ್ಕದ ಗೋಡೆಗೆ ತಮ್ಮ ಗೀಸರ್ ಕೂರಿಸಿದ, ಸಿಲಿಂಡರನ್ನೂ ಮೂಲೆಯಲ್ಲೇ ಇಟ್ಟ. ಅಕ್ಕ ಬಿಸಿನೀರಿನ ಕೆಳಗೆ ಕೈ ಹಿಡಿದು ನಿಂತಿದ್ದನ್ನು ನೋಡಿ ಅವನ ಕಣ್ಣು ತುಂಬಿಬಂತು.

ಎರಡು ಚಳಿಗಾಲ ಏನೂ ಆಗಲಿಲ್ಲ. ಮೂರನೆಯದು ಜೋರಾಗಿತ್ತು. ಗಾಜಿನ ಪಟ್ಟಿಗಳ ಸಂದಿಯಿಂದ ತಣ್ಣನೆ ಗಾಳಿ ಬೆನ್ನಿಗೆ ಹೊಡೆಯುತ್ತದೆಂದು ಅಕ್ಕ ರಟ್ಟು ಕತ್ತರಿಸಿ ಕಿಂಡಿಗೆ ಹೊಂದಿಸಿದಳು. ಅಂಚಿಗೆ ಹಳೇ ಬಟ್ಟೆ ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ. ಹೊಲಿಗೆಯವಳ ಕೈಕೆಲಸ, ಒಂದೆಳೆ ಗಾಳಿ ನುಸುಳುವಂತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಮ್ಮ ಅಡುಗೆಮನೆಯ ನಲ್ಲಿ ಸರಿಮಾಡಲು ಅಲ್ಲಿಗೆ ಹೋಗಿದ್ದ. ಅಕ್ಕನ ಮಗಳು ತಲೆಸ್ನಾನ ಮಾಡಿ, ಒಂದು ಬಕೆಟ್ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆದು ಹೊರಗೆ ಬಂದಳು. ಬಂದವಳು ಗೋಡೆ ಹಿಡಿದು ನಿಂತಳು.

"ಮಾಮಾ, ತಲೆ ಸಿಡೀತಾ ಇದೆ. ಹೊಟ್ಟೆ ತೊಳೆಸಿದ ಹಾಗಾಗುತ್ತೆ."

"ಖಾಲಿ ಹೊಟ್ಟೆ ಕಣಮ್ಮ. ಚಹಾ ಕುಡಿ, ಸರಿಹೋಗುತ್ತೆ," ಎಂದ ಮಾವ, ನಲ್ಲಿಯಿಂದ ಕಣ್ಣೆತ್ತದೆ.

ಅವಳು ಹೊರಬಂದ ಬೆನ್ನಿಗೇ ಅಕ್ಕ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಬಕೆಟ್ ತುಂಬಿ ಹರಿಯುವ ಸದ್ದೇ ಹೊರತು ಚೊಂಬಿನ ಸದ್ದಿಲ್ಲ. ಪ್ಲಂಬರನ ಕಿವಿಗೆ ನೀರಿನ ಸದ್ದು ಚೆನ್ನಾಗಿ ಗೊತ್ತು. ಯಾರೂ ಮುಟ್ಟದೆ ಹರಿಯುವ ನೀರಿನ ಸದ್ದೇ ಬೇರೆ.

"ಅಕ್ಕಾ?"

ಉತ್ತರವಿಲ್ಲ. ಬಾಗಿಲು ಬಡಿದ. "ಅಕ್ಕಾ, ಚಿಲಕ ತೆಗಿ!"

ಭುಜ ಕೊಟ್ಟು ಎರಡು ಸಲ ಗುದ್ದಿದ ಮೇಲೆ ಚಿಲಕ ಕಿತ್ತುಕೊಂಡು ಬಂತು. ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ಬಿದ್ದಿದ್ದಳು. ಒಂದು ಕೈ ಬಾಗಿಲತ್ತ ಚಾಚಿತ್ತು. ಚಿಲಕ ತೆಗೆಯಲು ಹೊರಟವಳಿಗೆ ಕಾಲು ಸಾಥ್ ಕೊಟ್ಟಿರಲಿಲ್ಲ. ಗೀಸರ್ ಇನ್ನೂ ಉರಿಯುತ್ತಿತ್ತು. ನೀಲಿಯಾಗಿ ನೆಟ್ಟಗೆ ನಿಲ್ಲಬೇಕಾದ ಉರಿ ಹಳದಿ ಬಣ್ಣಕ್ಕೆ ತಿರುಗಿ ಸೋಮಾರಿಯಂತೆ ತೂಗಾಡುತ್ತಿತ್ತು. ನಲ್ಲಿ ಮುಚ್ಚಿದ, ಉರಿ ಆರಿತು. ಮಗಳು ಹೊದಿಕೆ ಸುತ್ತಿದಳು. ಇಬ್ಬರೂ ಸೇರಿ ಅಂಗಳಕ್ಕೆ ಎಳೆದು ತಂದರು. ಅಷ್ಟು ಹೊತ್ತಿಗೇ ಅವನ ತಲೆಯೂ ಭಾರವಾಗಿತ್ತು. ಹೆದರಿಕೆಗೆ ಎಂದುಕೊಂಡ.

ಆಸ್ಪತ್ರೆಯಲ್ಲಿ ನರ್ಸಮ್ಮ ಅಕ್ಕನ ಬೆರಳಿಗೆ ಕ್ಲಿಪ್ಪು ಹಾಕಿದಳು. ತೊಂಬತ್ತೆಂಟು ಎಂದು ತೋರಿಸಿತು. "ಆಕ್ಸಿಜನ್ ಚೆನ್ನಾಗೇ ಇದೆ. ಬಿ.ಪಿ. ಇಳಿದು ತಲೆ ಸುತ್ತಿರ್ಬೇಕು," ಎಂದಳು. ಅಷ್ಟರಲ್ಲಿ ಕನ್ನಡಕದ ಡಾಕ್ಟರಮ್ಮ ಒಬ್ಬರು ಬಂದರು. ಪಕ್ಕದಲ್ಲಿ ತಲೆ ಹಿಡಿದು ಕುಳಿತಿದ್ದ ಮಗಳನ್ನೂ ನೋಡಿದರು.

"ಇಬ್ಬರಿಗೂ ಒಟ್ಟಿಗೇನಾ? ಸ್ನಾನ ಮಾಡೋವಾಗ? ಬಿಸಿನೀರಿಗೆ ಏನಿದೆ ಮನೇಲಿ?"

"ಗ್ಯಾಸ್ ಗೀಸರ್, ಡಾಕ್ಟ್ರೇ."

"ಎಲ್ಲಿದೆ?"

"ಬಚ್ಚಲುಮನೆ ಒಳಗೆ."

"ಯಾರು ಹಾಕಿದ್ದು ಅದನ್ನ ಅಲ್ಲಿ?"

ಡಾಕ್ಟರಮ್ಮ ಉತ್ತರಕ್ಕೆ ಕಾಯಲಿಲ್ಲ. ಇಬ್ಬರಿಗೂ ಮುಖಕ್ಕೆ ಬಿಗಿಯಾಗಿ ಮಾಸ್ಕ್ ಹಾಕಿಸಿ ಪೂರ್ತಿ ಆಮ್ಲಜನಕ ಕೊಡಿಸಿದರು, ರಕ್ತ ತೆಗೆಸಿ ಬೇರೆಯೇ ಪರೀಕ್ಷೆಗೆ ಕಳಿಸಿದರು. ಅನುಮಾನ ನಿಜವಾಗಿತ್ತು.

ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟ ಮೇಲೆ ಅವನು ಡಾಕ್ಟರಮ್ಮನ ಹಿಂದೆ ಹೋಗಿ ನಿಂತ. "ಗ್ಯಾಸ್ ವಾಸನೆ ಸ್ವಲ್ಪಾನೂ ಬಂದಿರ್ಲಿಲ್ಲ ಡಾಕ್ಟ್ರೇ. ನಾನು ಅಲ್ಲೇ ಇದ್ದೆ."

"ಸೋರೋ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ ಕಣಪ್ಪ. ಇದು ಸೋರಿದ್ದಲ್ಲ, ಉರಿದಿದ್ದು. ಉರಿಗೆ ಗಾಳಿ ಬೇಕು. ಮುಚ್ಚಿದ ಕೋಣೇಲಿ ಗಾಳಿ ಮುಗೀತಾ ಬಂದ ಹಾಗೆ ಅರೆಬರೆ ಉರಿಯುತ್ತೆ. ಆಗ ಹುಟ್ಟೋದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯಲ್ಲ."

"ಆದ್ರೆ ಆ ಕ್ಲಿಪ್ಪು ತೊಂಬತ್ತೆಂಟು ತೋರಿಸ್ತಲ್ಲ?"

"ರಕ್ತಾನ ಒಂದು ಬಸ್ಸು ಅಂದ್ಕೋ. ಆಮ್ಲಜನಕ ಕೂತ್ಕೋಬೇಕಾದ ಸೀಟಲ್ಲಿ ಇದು ಬಂದು ಕೂತ್ಬಿಡುತ್ತೆ, ಏಳು ಅಂದ್ರೆ ಏಳಲ್ಲ. ಕ್ಲಿಪ್ಪಿಗೆ ಸೀಟು ತುಂಬಿದೆ ಅನ್ನೋದಷ್ಟೇ ಕಾಣೋದು. ಕೂತಿರೋದು ಯಾರು ಅಂತ ಗೊತ್ತಾಗಲ್ಲ." ಆಮೇಲೆ ಅವನ ಕೈಯಲ್ಲಿದ್ದ ಪಾನಾ ನೋಡಿದರು. ಬೆಳಿಗ್ಗೆಯಿಂದ ಅದನ್ನು ಹಿಡಿದೇ ಇದ್ದ. ಅವರ ದನಿ ಮೆತ್ತಗಾಯಿತು. "ಇನ್ನೈದು ನಿಮಿಷ ತಡ ಆಗಿದ್ರೆ ಕಷ್ಟ ಇತ್ತು. ಬಾಗಿಲು ಒಡೆದಿದ್ದು ನೀನೇ ಅಲ್ವಾ? ಒಳ್ಳೇದು ಮಾಡ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಒಳ್ಳೇದು ಮಾಡಿದೆ ಎಂಬ ಮಾತಿಗೆ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತ.

ಅಕ್ಕನ ಮಗಳು ಮರುದಿನವೇ ಚೇತರಿಸಿಕೊಂಡಳು. ಅಕ್ಕನಿಗೆ ತಿಂಗಳುಗಟ್ಟಲೆ ಹಿಡಿಯಿತು. ಮನೆಗೆ ಬಂದ ಮೇಲೆ ಎಲ್ಲ ಸರಿಯಿದೆ ಅನ್ನಿಸಿತ್ತು. ಮೂರು ವಾರ ಕಳೆದ ಮೇಲೆ ಮರೆವು ಶುರುವಾಯಿತು. ಎಡಗಡೆ ಗುಂಡಿ ಬಲಗಡೆ ಹೊಲಿದಳು. ಅಳತೆ ತೆಗೆದುಕೊಂಡು ಬರೆಯುವಷ್ಟರಲ್ಲಿ ಎಷ್ಟೆಂದು ಮರೆತಳು. ವಿಷ ಇಳಿದ ಮೇಲೂ ಕೆಲವರಿಗೆ ಹೀಗಾಗುತ್ತದೆ, ನಿಧಾನವಾಗಿ ವಾಸಿಯಾಗುತ್ತದೆ ಎಂದರು ಡಾಕ್ಟರಮ್ಮ.

ತಮ್ಮ ದಿನಾ ಸಂಜೆ ಹೋಗಿ ಅವಳ ಪಕ್ಕ ಕೂರುತ್ತಿದ್ದ. ಬೇರೆ ಎಲ್ಲ ಮಾತಾಡುತ್ತಿದ್ದ, ಆ ಒಂದು ಮಾತು ಬಿಟ್ಟು. ಒಂದು ದಿನ ತಡೆಯಲಾಗಲಿಲ್ಲ.

"ಅಕ್ಕಾ, ನಿನ್ನ ಈ ಸ್ಥಿತಿಗೆ ನಾನೇ ಕಾರಣ."

"ಹುಚ್ಚಪ್ಪ. ರಟ್ಟು ತುರುಕಿದ್ದು ನಾನಲ್ವೇನೋ?"

"ಚಳೀಲಿ ಯಾರಾದ್ರೂ ತುರುಕ್ತಾರೆ. ಒಳಗೆ ಇಡಬಾರ್ದಾಗಿತ್ತು."

"ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಪುಸ್ತಕ ಓದಿದ್ರೆ ಗೊತ್ತಾಗ್ತಿತ್ತು."

ಅಕ್ಕ ಎದ್ದು ಹೊಲಿಗೆ ಯಂತ್ರದ ಖಾನೆಯಲ್ಲಿ ತಡಕಾಡಿದಳು. ಮನೆಗೆ ಬಂದ ಯಾವ ಕಾಗದವನ್ನೂ ಅವಳು ಎಸೆದವಳಲ್ಲ. ಸುಣ್ಣದ ಧೂಳು ಮೆತ್ತಿದ್ದ ಆ ಪುಸ್ತಕವನ್ನು ತಮ್ಮನ ಮುಂದೆ ಹಿಡಿದಳು.

"ಈಗ ಓದು. ಜೋರಾಗಿ ಓದು, ನಾನೂ ಕೇಳ್ತೀನಿ."

ಅವನು ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದ. ಮೂರನೇ ಪುಟದಲ್ಲಿ ದಪ್ಪ ಅಕ್ಷರದಲ್ಲೇ ಇತ್ತು: ಸ್ನಾನದ ಕೋಣೆಯಲ್ಲಾಗಲಿ, ಮುಚ್ಚಿದ ಜಾಗದಲ್ಲಾಗಲಿ ಅಳವಡಿಸಬಾರದು. ಅದನ್ನು ಎರಡು ಸಲ ಓದಿದ.

"ಎಷ್ಟು ಮನೇಲಿ ಹಾಕಿದೀಯೋ ಹೀಗೆ?" ಎಂದು ಕೇಳಿದಳು ಅಕ್ಕ.

ಅವನ ಮನೆಯಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಗೀಸರಿನ ವಾರಂಟಿ ಚೀಟಿಯ ಅರ್ಧ ತುಂಡುಗಳನ್ನು ಅದರಲ್ಲಿ ಹಾಕುತ್ತಿದ್ದ. ಆ ಸಂಜೆ ನೆಲದ ಮೇಲೆ ಸುರಿದು ಎಣಿಸಿದ. ಒಳಗೆ ಹಾಕಿದವು ನಲವತ್ತೊಂದು.

"ಏನ್ರೀ ಇದು, ಚೀಟಿ ಆಟ?" ಎಂದಳು ಹೆಂಡತಿ.

"ಒಂದೊಂದು ಮನೆಗೂ ಹೋಗಿ ಹೊರಗೆ ಹಾಕಿ ಬರ್ತೀನಿ. ಕೂಲಿ ತಗೊಳ್ಳಲ್ಲ."

"ನಾನೇ ತಪ್ಪು ಮಾಡಿದೆ ಅಂತ ಮನೆಮನೆಗೆ ಡಂಗುರ ಹೊಡೆದು ಬರ್ತೀರಾ? ನಾಳೆ ನಿಮ್ಮನ್ನ ಯಾರು ಕೆಲಸಕ್ಕೆ ಕರೀತಾರೆ?"

"ಕರೀದೇ ಇದ್ರೆ ಬೇಡ."

ಅವಳು ಅವನ ಮುಖ ನೋಡಿದಳು. ಮದುವೆಯಾಗಿ ಇಪ್ಪತ್ತು ವರ್ಷ, ಈ ಮುಖವನ್ನು ಅವಳು ನೋಡಿರಲಿಲ್ಲ. ಕೆಳಗೆ ಕುಳಿತು ಚೀಟಿಗಳನ್ನು ಒಟ್ಟುಮಾಡತೊಡಗಿದಳು.

ಮೊದಲ ವಾರದಲ್ಲೇ ಅವನಿಗೆ ಸಾಕುಸಾಕಾಯಿತು. ಒಬ್ಬರು, "ಆರು ವರ್ಷದಿಂದ ಏನೂ ಆಗಿಲ್ಲ, ಈಗ ಬಂದು ಹೆದರಿಸ್ತೀಯಾ?" ಎಂದರು. ಇನ್ನೊಬ್ಬರು, "ಕೆಲಸ ಇಲ್ಲ ಅಂತ ಹೊಸ ಉಪಾಯ ಹುಡುಕಿದೀಯ," ಎಂದು ಬಾಗಿಲು ಹಾಕಿಕೊಂಡರು. ಹತ್ತು ಮನೆ ತಿರುಗಿದರೆ ಒಪ್ಪಿದವರು ಮೂವರು. ಮುಖ ಸಣ್ಣದು ಮಾಡಿಕೊಂಡು ಬಂದ ಗಂಡನಿಗೆ ಹೆಂಡತಿಯೇ ದಾರಿ ತೋರಿಸಿದಳು.

"ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರ್ರೀ? ಡಾಕ್ಟ್ರಮ್ಮ ಏನೋ ಕೂಗೋ ಪೆಟ್ಟಿಗೆ ಇದೆ ಅಂದಿದ್ರಲ್ಲ, ಅದನ್ನ ತನ್ನಿ. ಕಣ್ಣಿಗೆ ಕಾಣದ್ದು ಕಿವಿಗಾದ್ರೂ ಕೇಳಿಸ್ಲಿ."

ಅಂಗೈಯಗಲದ ಬಿಳಿ ಡಬ್ಬಿ, ಗಾಳಿಯಲ್ಲಿ ಆ ವಿಷ ಹೆಚ್ಚಾದರೆ ಕಿರುಚುತ್ತದೆ. ಮುಖದ ಮೇಲೆ ಅಂಕಿಯೂ ಕಾಣುತ್ತದೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಅವನು ಮತ್ತೆ ಹೊರಟ.

ಇಪ್ಪತ್ತೇಳನೇ ಚೀಟಿ ಬಸ್ ಡ್ರೈವರನ ಮನೆಯದು. ಎರಡನೇ ಮಹಡಿಯ ಬಾಡಿಗೆ ಮನೆ, ಓನರ್ ಕೆಳಗೇ ಇದ್ದ. ಬೆಳಿಗ್ಗೆ ಹತ್ತರ ಹೊತ್ತು. ಡ್ರೈವರನಿಗೆ ಅಂದು ರಜೆ. ಬಾಗಿಲು ತೆಗೆದವಳು ಅವನ ತಾಯಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಬಾರಪ್ಪ, ಕೂತ್ಕೋ. ಸದ್ದು ಮಾಡ್ಬೇಡ, ಮೊಮ್ಮಗಳು ಈಗ ತಾನೇ ಮಲಗಿದಾಳೆ. ಮೂರು ತಿಂಗಳ ಕೂಸು. ನನ್ನ ಕೈಯಲ್ಲಿ ಸ್ನಾನ ಆದ್ರೆ ಸಾಕು ನೋಡು, ನಾಲ್ಕು ಗಂಟೆ ಮಿಸುಕಾಡಲ್ಲ."

ಪ್ಲಂಬರ್ ಚೀಲ ಕೆಳಗಿಟ್ಟ. "ಬಚ್ಚಲುಮನೆ ಕಿಟಕಿ ತೆಗೆದಿರ್ತೀರಾ ಅಮ್ಮ?"

"ಹಸುಗೂಸಿಗೆ ಗಾಳಿ ಸೋಕಿಸ್ತಾರೇನಪ್ಪ? ಪೇಪರ್ ಅಂಟಿಸಿ ಬಿಟ್ಟಿದೀನಿ. ಬಾಗ್ಲೂ ಮುಚ್ಕೊಂಡೇ ಮಾಡ್ಸೋದು. ಬೆಚ್ಚಗಿರುತ್ತೆ."

ಒಳಗಿನ ಕೋಣೆಯಲ್ಲಿ ಡ್ರೈವರನ ಹೆಂಡತಿ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು.

"ಅವ್ರಿಗೆ ಏನಾಗಿದೆ?"

"ತಲೆನೋವಂತೆ. ದಿನಾ ಹತ್ತು ಗಂಟೆಗೆ ಶುರು, ಮಧ್ಯಾಹ್ನಕ್ಕೆ ಮಾಯ. ಕೆಲಸದ ಹೊತ್ತಿಗೆ ಸರಿಯಾಗಿ ಬರುತ್ತೆ ನೋಡು," ಎಂದು ಅಜ್ಜಿ ದನಿ ತಗ್ಗಿಸಿ ನಕ್ಕಳು.

"ನಿಮ್ಗೆ?"

ಅಜ್ಜಿಯ ನಗು ನಿಂತಿತು. "ನಂಗೂ ಸ್ವಲ್ಪ ಹಿಡಿದ ಹಾಗೇ ಇರುತ್ತೆ. ವಯಸ್ಸಾಯ್ತಲ್ಲಪ್ಪ."

ಅವನು ಎದ್ದು ನಿಂತ. ಡ್ರೈವರನ ತೋಳು ಹಿಡಿದುಕೊಂಡ. "ಅಣ್ಣಾ, ಮಗೂನ ಈಗ್ಲೇ ಎತ್ಕೊಂಡು ವರಾಂಡಕ್ಕೆ ಬನ್ನಿ. ಎಲ್ರೂ ಬನ್ನಿ. ಆಮೇಲೆ ಬೈಯೋರಂತೆ."

ಅವನ ದನಿಯಲ್ಲಿ ಏನಿತ್ತೋ, ಡ್ರೈವರ್ ಎದುರು ಮಾತಾಡಲಿಲ್ಲ. ಮಗುವನ್ನು ಎತ್ತಿಕೊಂಡಾಗ ಅದರ ತಲೆ ಬಟ್ಟೆಯ ಗೊಂಬೆಯ ತಲೆಯಂತೆ ಹಿಂದಕ್ಕೆ ವಾಲಿತು. ಅಂಗಾಲು ಉಜ್ಜಿದರು, ಕೆನ್ನೆ ತಟ್ಟಿದರು. ಸ್ವಲ್ಪ ಹೊತ್ತಿನ ಮೇಲೆ ಸಣ್ಣಗೆ ಮುಲುಗಿತು, ಕುಡಿದ ಹಾಲನ್ನೆಲ್ಲ ಕಾರಿಕೊಂಡಿತು. ಅಜ್ಜಿಯ ಮುಖ ಬಿಳಿಚಿಕೊಂಡಿತು.

ಅವನು ಆಸ್ಪತ್ರೆಯ ಹೆಸರು, ಡಾಕ್ಟರಮ್ಮನ ಹೆಸರು ಹೇಳಿದ. "ಮೂವರನ್ನೂ ಕರ್ಕೊಂಡು ಹೋಗಿ. ಬಚ್ಚಲುಮನೇಲಿ ಗ್ಯಾಸ್ ಗೀಸರ್ ಇದೆ ಅಂತ ಮೊದ್ಲು ಹೇಳಿ. ಬೆರಳಿಗೆ ಕ್ಲಿಪ್ ಹಾಕಿ ಸರಿ ಇದೆ ಅಂದ್ರೆ ವಾಪಸ್ ಬರ್ಬೇಡಿ, ರಕ್ತ ನೋಡಿ ಅನ್ನಿ." ಆಟೋ ಸಿಕ್ಕಿ ಅವರು ಹೊರಟರು. ಮನೆಯ ಕೀಲಿಯನ್ನು ಡ್ರೈವರ್ ಇವನ ಕೈಗೇ ಕೊಟ್ಟು ಹೋದ.

ಗಲಾಟೆ ಕೇಳಿ ಓನರ್ ಮೇಲೆ ಬಂದ. ದೊಡ್ಡ ಹೊಟ್ಟೆ, ಏದುಸಿರು. ಪ್ಲಂಬರ್ ವಿಷಯ ಹೇಳಿ, ಗೋಡೆಯಲ್ಲಿ ತೂತು ಕೊರೆದು ಗೀಸರನ್ನು ಹಿಂದಿನ ಬಾಲ್ಕನಿಗೆ ಹಾಕಬೇಕು ಎಂದ.

"ಹೋದ ವರ್ಷ ಬಣ್ಣ ಹೊಡೆಸಿರೋ ಗೋಡೆ! ತೂತು ಗೀತು ಏನೂ ಬೇಡ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಮುಗೀತು."

"ಬಾಗ್ಲು ಮುಚ್ಚಿ ಫ್ಯಾನ್ ಎಳೆದ್ರೆ ಹೊಸ ಗಾಳಿ ಬರೋದೆಲ್ಲಿಂದ ಸಾರ್? ಬರೋಕೆ ಕೆಳಗೊಂದು ಕಿಂಡಿ ಬೇಕು, ಹೋಗೋಕೆ ಮೇಲೊಂದು ಕಿಂಡಿ ಬೇಕು, ಅವು ಯಾವತ್ತೂ ತೆರೆದೇ ಇರ್ಬೇಕು. ಚಳಿ ಬಂದ್ರೆ ಜನ ಮುಚ್ತಾರೆ. ಫ್ಯಾನ್ ಹಾಕೋಕೆ ಮರೀತಾರೆ. ಕರೆಂಟ್ ಹೋಗುತ್ತೆ. ಹೊರಗಿದ್ರೆ ಆ ವಿಷ ಬಚ್ಚಲಲ್ಲಿ ಹುಟ್ಟೋದೇ ಇಲ್ವಲ್ಲ."

"ಬರೀ ಮಾತು."

"ಹಾಗಾದ್ರೆ ಹತ್ತು ನಿಮಿಷ ಕೊಡಿ ಸಾರ್. ಒಳಗೆ ಯಾರೂ ಹೋಗೋದು ಬೇಡ."

ಬಿಳಿ ಡಬ್ಬಿಯನ್ನು ಟವಲಿನ ಮೊಳೆಗೆ ನೇತುಹಾಕಿದ. ಬಿಸಿನೀರಿನ ನಲ್ಲಿ ತಿರುಗಿಸಿ, ಗೀಸರ್ ಹೊತ್ತಿಕೊಂಡದ್ದು ನೋಡಿ, ಹೊರಗೆ ಬಂದು ಬಾಗಿಲು ಮುಚ್ಚಿದ. ಮನೆಯ ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಇಬ್ಬರೂ ವರಾಂಡದಲ್ಲಿ ನಿಂತರು. ಓನರ್ ಗಡಿಯಾರ ನೋಡುತ್ತಾ, "ಐದಾಯ್ತು... ಏಳಾಯ್ತು... ಎಲ್ಲಪ್ಪ ನಿನ್ನ ವಿಷ?" ಎಂದು ಚುಚ್ಚುತ್ತಿದ್ದ. ಒಂಬತ್ತು ದಾಟಿ ಹತ್ತು ಆಗುವಷ್ಟರಲ್ಲಿ ಬಾಗಿಲ ಹಿಂದಿನಿಂದ ಕಿವಿ ಸೀಳುವ ಹಾಗೆ ಕಿರುಚು ಎದ್ದಿತು. ನಾಲ್ಕು ಕೂಗು, ತುಸು ವಿರಾಮ, ಮತ್ತೆ ನಾಲ್ಕು ಕೂಗು. ಕೆಳಗಿನ ಮನೆಯ ನಾಯಿ ಬೊಗಳತೊಡಗಿತು.

ಪ್ಲಂಬರ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಬಂದ. ಈ ಮನೆಯಲ್ಲಿ ಅದು ಬಾಗಿಲ ಹೊರಗಿತ್ತು. ಉಸಿರು ಬಿಗಿಹಿಡಿದು ಬಚ್ಚಲ ಬಾಗಿಲು ತಳ್ಳಿ, ನಲ್ಲಿ ಮುಚ್ಚಿ, ಡಬ್ಬಿ ಕಿತ್ತುಕೊಂಡು ಓಡಿ ಬಂದ. ಅಂಕಿ ನಾನೂರರ ಮೇಲಿತ್ತು.

"ಇದು ಸೊನ್ನೆ ಇರ್ಬೇಕು ಸಾರ್. ದಿನಾ ಅಷ್ಟೊತ್ತು ಆ ಕೂಸು ಒಳಗಿತ್ತು."

ಓನರ್ ಮೆಟ್ಟಿಲ ಅಂಚಿನಲ್ಲಿ ಕುಳಿತುಬಿಟ್ಟ. ಮನೆಯೆಲ್ಲ ಗಾಳಿಯಾಡಲೆಂದು ಕಾಯುತ್ತಿರುವಾಗ, ಗಂಟೆಯ ಮೇಲೆ, ಡ್ರೈವರನ ಫೋನ್ ಬಂತು. ಮೂವರ ರಕ್ತದಲ್ಲೂ ಅದು ಸಿಕ್ಕಿದೆ, ಆಮ್ಲಜನಕ ಕೊಡುತ್ತಿದ್ದಾರೆ, ಮಗು ಕಣ್ಣು ಬಿಟ್ಟು ಅಳುತ್ತಿದೆ. ಫೋನಿನಲ್ಲಿ ಆ ಅಳು ಕೇಳಿಸುತ್ತಿತ್ತು. ಒಳ್ಳೆ ಗಟ್ಟಿ ಅಳು. ಡ್ರೈವರನೂ ಅಳುತ್ತಿದ್ದ.

"ಎಲ್ಲಿ ಕೊರೀಬೇಕು ತೋರ್ಸು," ಎಂದ ಓನರ್. ತಾನೇ ಕುರ್ಚಿ ತಂದು ಹಿಡಿದುಕೊಂಡು ನಿಂತ. ಕೊರೆಯುವ ಯಂತ್ರ ಹೊಸ ಬಣ್ಣದ ಗೋಡೆಗೆ ತಾಗಿದಾಗ ಮಾತ್ರ ಒಂದು ಸಲ ಕಣ್ಣು ಮುಚ್ಚಿಕೊಂಡ.

ಗೀಸರ್ ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ರೆಕ್ಕೆಗಳ ತುಂಬ ಮಸಿ ಮೆತ್ತಿಕೊಂಡಿತ್ತು. "ಇದೂ ಒಂದು ಕಾರಣ. ವರ್ಷಕ್ಕೊಂದ್ಸಲ ತೊಳೀಬೇಕು," ಎಂದು ಬ್ರಶ್ಶಿನಿಂದ ತಿಕ್ಕಿ ತೆಗೆದ. ಬಚ್ಚಲ ಕಿಂಡಿಯ ಕೆಳಗೇ ಬಾಲ್ಕನಿಯಲ್ಲಿ ಜಾಗವಿತ್ತು, ಪೈಪೂ ಉಳಿಯುತ್ತಿತ್ತು. ಓನರ್ ಅಲ್ಲೇ ಹಾಕು ಎಂದ.

"ಅಲ್ಲಿಟ್ರೆ ಉರಿದ ಗಾಳಿ ಅದೇ ಕಿಂಡಿಯಿಂದ ಒಳಗೆ ಹೋಗುತ್ತೆ ಸಾರ್. ಹೊರಗಿಟ್ಟೂ ಒಳಗಿಟ್ಟ ಹಾಗೇ." ಕಿಂಡಿಗೂ ಮಲಗುವ ಕೋಣೆಯ ಕಿಟಕಿಗೂ ದೂರವಾದ ಮೂಲೆ ಹುಡುಕಿದ. ಎರಡು ಕಡೆ ತೆರೆದ ಬಾಲ್ಕನಿ, ಗಾಳಿ ಧಾರಾಳವಾಗಿ ಆಡುತ್ತಿತ್ತು. ಮಳೆ ಬೀಳದಂತೆ, ಉರಿಗೆ ಗಾಳಿಯ ಹೊಡೆತ ನೇರ ತಾಗದಂತೆ ಮೇಲೊಂದು ತಗಡಿನ ಮರೆ ಮಾಡಿದ. ಸಿಲಿಂಡರನ್ನೂ ಹೊರಗೇ ನೆಟ್ಟಗೆ ನಿಲ್ಲಿಸಿದ. ಬಿಸಿನೀರಿನ ಪೈಪಿಗೆ ಸ್ಪಂಜಿನ ಹೊದಿಕೆ ಸುತ್ತಿ ಗೋಡೆಯೊಳಗಿಂದ ಬಚ್ಚಲಿಗೆ ಬಿಟ್ಟ. ಕಿಂಡಿಗೆ ಅಂಟಿಸಿದ್ದ ಪೇಪರನ್ನೆಲ್ಲ ಕೆರೆದು ತೆಗೆದ.

"ಮುಂದೆ ಈ ಬಾಲ್ಕನಿಗೆ ಗಾಜು ಹಾಕಿಸ್ಬಿಟ್ಟೀರಿ ಸಾರ್, ಆಗ ಇದೂ ಕೋಣೆಯಾಗಿಬಿಡುತ್ತೆ."

"ಹಾಕಿಸಲ್ಲ ಮಾರಾಯ." ಓನರ್ ಮುಖ ಒರೆಸಿಕೊಂಡ. ಹೋಗುವ ಮುಂಚೆ ಒಮ್ಮೆ ಕೆಮ್ಮಿ, ದನಿ ತಗ್ಗಿಸಿದ. "ಕೆಳಗೆ ನಮ್ಮನೇಲೂ ಒಳಗೇ ಇದೆ. ನೀನು ಹಾಕಿದ್ದಲ್ಲ, ಬೇರೆಯವ್ನು. ಹಾಗೇ ಅದನ್ನೂ..."

"ಅದಕ್ಕೆ ಕೂಲಿ ತಗೋತೀನಿ ಸಾರ್," ಎಂದ ಪ್ಲಂಬರ್. ಎರಡು ತಿಂಗಳ ನಂತರ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತ್ತು.

ಮರುದಿನ ಅಜ್ಜಿ ಮಗುವನ್ನು ಎತ್ತಿಕೊಂಡು ಅವನ ಮನೆಗೇ ಬಂದಳು. ಬಂದವಳು ಬಾಗಿಲಲ್ಲೇ ನಿಂತು, "ನನ್ನ ಕೈಯಾರೆ..." ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು. ಆ ಮಾತು ಹೇಗೆ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು.

"ಕೂಸು ಬೆಚ್ಚಗಿರ್ಲಿ ಅಂತ ಮಾಡಿದ್ದು ಅಮ್ಮ ನೀವು. ನಿಮ್ಗೆ ಗೊತ್ತಿರ್ಲಿಲ್ಲ. ಹಾಕಿದ್ದು ನಾನು." ಒಳಗೆ ಕರೆದು ಕೂರಿಸಿದ. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಜ್ಜಿ ಕಣ್ಣೊರೆಸಿಕೊಂಡು, "ಸೊಸೆ ತಲೆನೋವು ನೆಪ ಅಂದಿದ್ದೆನಲ್ಲ, ಅದಕ್ಕೂ ತಪ್ಪಾಯ್ತು ಅಂದೆ ಇವತ್ತು ಅವಳ ಹತ್ರ," ಎಂದಳು.

"ಏನಂದ್ಲು?" ಎಂದು ಕೇಳಿದಳು ಪ್ಲಂಬರನ ಹೆಂಡತಿ.

"ಇನ್ಮೇಲೆ ನಿಜವಾಗ್ಲೂ ನೆಪ ಮಾಡ್ತೀನಿ ಅಂದ್ಲು ಕಣವ್ವ," ಎಂದು ಅಜ್ಜಿ ಅಳುತ್ತಲೇ ನಕ್ಕಳು.

ಈ ಸುದ್ದಿ ಹಬ್ಬಿದ ಮೇಲೆ ಬಾಗಿಲುಗಳು ತಾವೇ ತೆರೆದುಕೊಂಡವು. ಮೊದಲು ಬೈದವರೇ ಕರೆಸಿಕೊಂಡರು. ಓನರ್ ಅಂತೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ತಡೆದು ನಾಲ್ಕು ಕೂಗಿನ ಕಥೆ ಹೇಳಿದ. ಹೇಳಿದಷ್ಟೂ ನಾನೂರು ಬೆಳೆಯುತ್ತ ಹೋಗಿ ಕೊನೆಗೆ ಎರಡು ಸಾವಿರವಾಯಿತು. ನಲವತ್ತೊಂದು ಮನೆಗಳಲ್ಲಿ ಮೂವತ್ತೆರಡರಲ್ಲಿ ಗೀಸರ್ ಹೊರಗೆ ಹೋಯಿತು. ಹೊರಗೆ ಜಾಗವೇ ಇಲ್ಲದ ಐದು ಮನೆಯವರಿಗೆ ಗ್ಯಾಸಿನದು ಬೇಡವೆಂದು ಹೇಳಿ ಕರೆಂಟಿನ ಗೀಸರ್ ಹಾಕಿಕೊಟ್ಟ. ಎರಡು ಮನೆ ಕೆಡವಿದ್ದರು. ಒಂದು ಮನೆಯವರು ಗೀಸರ್ ಸಮೇತ ಊರು ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಅವನು ಇವತ್ತಿಗೂ ವಿಚಾರಿಸುತ್ತಲೇ ಇದ್ದಾನೆ.

ಅಕ್ಕ ವರ್ಷ ತುಂಬುವಷ್ಟರಲ್ಲಿ ಮತ್ತೆ ಯಂತ್ರದ ಮುಂದೆ ಕುಳಿತಳು. ಮೊದಲಿನ ವೇಗವಿಲ್ಲ. ಅಳತೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಕೂಡಲೇ ಬರೆದಿಡುತ್ತಾಳೆ. ಗಿರಾಕಿಗಳು ಕಾಯುತ್ತಾರೆ.

ನಲವತ್ತೊಂದರಲ್ಲಿ ಉಳಿದದ್ದು ಒಂದೇ ಮನೆ. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಜಪ್ಪಯ್ಯ ಎಂದರೂ ಜಗ್ಗದ ಆಸಾಮಿ. "ನನ್ನ ಮನೆ, ನನ್ನ ಗೋಡೆ, ನನ್ನ ಜೀವ," ಎಂದು ಏಳು ಸಲ ವಾಪಸ್ ಕಳಿಸಿದರು. ಎಂಟನೇ ಸಲ ಅವನು ಗೋಡೆಯ ಮಾತೇ ಎತ್ತಲಿಲ್ಲ.

"ಹೊರಗೆ ಹಾಕೋದು ಬೇಡ ಅಂದ್ರೆ ಬಿಡಿ ಸಾರ್. ಒಂದು ಕೆಲಸ ಮಾಡಿ. ಬಾಗ್ಲು ತೆರೆದಿಟ್ಟು ಬಕೆಟ್ ತುಂಬಿಸ್ಕೊಳ್ಳಿ, ನೀವು ಹೊರಗೆ ನಿಂತ್ಕೊಳ್ಳಿ. ತುಂಬಿದ ಮೇಲೆ ಗ್ಯಾಸ್ ಬಂದ್ ಮಾಡಿ. ಗಾಳಿ ಆಡ್ಲಿ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಇದು ಪೂರ್ತಿ ಪರಿಹಾರ ಅಲ್ಲ, ಆದ್ರೂ ನಂಗೆ ಸ್ವಲ್ಪ ನಿದ್ದೆ ಬರುತ್ತೆ."

ಗುಮಾಸ್ತರು ಕನ್ನಡಕದ ಮೇಲಿಂದ ಬಹಳ ಹೊತ್ತು ಅವನನ್ನು ನೋಡಿದರು. "ನನ್ನ ಸ್ನಾನಕ್ಕೆ ನಿನಗ್ಯಾಕಯ್ಯ ನಿದ್ದೆ ಬರಲ್ಲ?"

ಅವನು ಅಕ್ಕನ ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅವರು ಕೇಳಿಸಿಕೊಂಡರು. ಗೋಡೆ ಕೊರೆಯಲು ಇನ್ನೂ ಒಪ್ಪಿಲ್ಲ. ಆದರೆ ಈಗ ಬೆಳಿಗ್ಗೆ ಆ ಮನೆಯ ಮುಂದೆ ಹಾದುಹೋಗುವಾಗ, ಬಚ್ಚಲ ಬಾಗಿಲು ಹಾರುಹೊಡೆದು, ಬಕೆಟ್ಟಿಗೆ ನೀರು ಬೀಳುತ್ತಿದ್ದು, ಗುಮಾಸ್ತರು ಟವಲು ಸುತ್ತಿಕೊಂಡು ಅಂಗಳದಲ್ಲಿ ಗಡಗಡ ನಡುಗುತ್ತಾ ನಿಂತಿರುವುದು ಕಾಣುತ್ತದೆ. ಇವನನ್ನು ಕಂಡೊಡನೆ ಬೈಯುತ್ತಾರೆ. ಅವನು ಕೈಮುಗಿದು ಮುಂದೆ ಹೋಗುತ್ತಾನೆ.